ತುಣುಕೋ, ಪೂರ್ಣ ವಿಡಿಯೊವೋ? ಒಂದೇ ವಿಷಯದ ಮೇಲೆ ಅಳೆದು ನೋಡುವ ಬಗೆ

ಶ್ರೀನಿವಾಸಪುರದ ಕಡೆಯ ಗಂಡ ಹೆಂಡತಿ ಮಾವಿನ ತೋಟದ ಕೆಲಸಗಳ ಬಗ್ಗೆ ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದಾರೆ ಎಂದುಕೊಳ್ಳಿ. ಹಣ್ಣು ನೊಣಕ್ಕೆ ಮೋಹಕ ಬಲೆ ಕಟ್ಟುವುದನ್ನು ಒಂಬತ್ತು ನಿಮಿಷದ ವಿಡಿಯೊ ಮಾಡಿದರು. ಅದೇ ಚಿತ್ರೀಕರಣದಿಂದ ನಲವತ್ತು ಸೆಕೆಂಡಿನ ಶಾರ್ಟ್ಸ್ ತುಣುಕನ್ನೂ ಕತ್ತರಿಸಿ ಹಾಕಿದರು. ಒಂದು ತಿಂಗಳ ಹೊತ್ತಿಗೆ ತುಣುಕಿನ ಕೆಳಗೆ ಮೂವತ್ತು ಸಾವಿರ ವೀಕ್ಷಣೆ, ಪೂರ್ಣ ವಿಡಿಯೊಗೆ ಸಾವಿರದ ನಾನೂರು. ಇನ್ನು ಮುಂದೆ ಬರೀ ತುಣುಕು ಮಾಡೋಣ ಎಂದು ಗಂಡ ಹೇಳಿದರೆ ಆಶ್ಚರ್ಯವಿಲ್ಲ. ಹೆಂಡತಿ ಲೆಕ್ಕ ಕೇಳುತ್ತಾರೆ. ಆ ಲೆಕ್ಕ ಹಾಕುವುದು ಹೇಗೆ ಎಂಬುದೇ ಈ ಬರಹ. ಇಲ್ಲಿ ಬರುವ ಈ ಚಾನೆಲ್‌ನ ಅಂಕಿಗಳೆಲ್ಲ ಉದಾಹರಣೆಗಾಗಿ ಇಟ್ಟುಕೊಂಡವು. ನಿಮ್ಮ ಚಾನೆಲ್‌ನವನ್ನು ಅದೇ ಜಾಗದಲ್ಲಿ ಹಾಕಿಕೊಳ್ಳಿ.

ಜೋಡಿ ಸರಿಯಾಗಿರಲಿ

ಹೋಲಿಕೆಗೆ ಇಳಿಯುವ ಎರಡೂ ವಿಡಿಯೊಗಳ ವಿಷಯ ಒಂದೇ ಆಗಿರಬೇಕು, ಋತುವೂ ಒಂದೇ ಆಗಿರಬೇಕು. ಬಲೆಯ ತುಣುಕನ್ನು ಕೊಯ್ಲಿನ ಹೊತ್ತಿಗೆ ಹಾಕಿ, ಪೂರ್ಣ ವಿಡಿಯೊವನ್ನು ಚಳಿಗಾಲದಲ್ಲಿ ಹಾಕಿದರೆ ನೀವು ಅಳೆಯುವುದು ಮಾವಿನ ಹಂಗಾಮನ್ನೇ ಹೊರತು ವಿಡಿಯೊವನ್ನಲ್ಲ. ಮೊದಲು ಪೂರ್ಣ ವಿಡಿಯೊ, ಒಂದು ವಾರ ಬಿಟ್ಟು ತುಣುಕು ಎಂಬ ಕ್ರಮ ಅನುಕೂಲ. ಎರಡನ್ನೂ ಅವು ಪ್ರಕಟವಾದ ದಿನದಿಂದ ಲೆಕ್ಕ ಹಾಕಿ 28ನೇ ದಿನ ನೋಡಿ. ತುಣುಕಿಗೆ ಪೂರ್ಣ ವಿಡಿಯೊದ ಕೊಂಡಿಯನ್ನು ಜೋಡಿಸುವ Related video ಸೌಲಭ್ಯವನ್ನು ಮೊದಲ ಸುತ್ತಿನಲ್ಲಿ ಬಳಸಬೇಡಿ. ಬಳಸಿದರೆ ಒಂದರ ನೋಡುಗರು ಇನ್ನೊಂದರ ಲೆಕ್ಕಕ್ಕೆ ಬೆರೆಯುತ್ತಾರೆ.

ಒಂದು ಎಚ್ಚರಿಕೆ. 2024ರ ಅಕ್ಟೋಬರ್ 15ರಿಂದ, ಮೂರು ನಿಮಿಷದವರೆಗಿನ ನೆಟ್ಟಗಿನ ಅಥವಾ ಚೌಕದ ವಿಡಿಯೊಗಳನ್ನು ಯೂಟ್ಯೂಬ್ ಶಾರ್ಟ್ಸ್ ಎಂದೇ ಪರಿಗಣಿಸುತ್ತದೆ. ಮೊಬೈಲನ್ನು ನೆಟ್ಟಗೆ ಹಿಡಿದು ಎರಡೂವರೆ ನಿಮಿಷದ 'ಪೂರ್ಣ' ವಿಡಿಯೊ ಮಾಡಿದವರು ತಮಗೆ ತಿಳಿಯದೆಯೇ ಎರಡು ತುಣುಕುಗಳನ್ನು ಹೋಲಿಸುತ್ತಿರುತ್ತಾರೆ.

ವೀಕ್ಷಣೆಯ ಸಂಖ್ಯೆಯನ್ನು ಜರಡಿ ಹಿಡಿಯಿರಿ

ಆ ಮೂವತ್ತು ಸಾವಿರದ ಒಳಗೇನಿದೆ? 2025ರ ಮಾರ್ಚ್ 31ರಿಂದ ಶಾರ್ಟ್ಸ್‌ನ ಎಣಿಕೆ ಬದಲಾಗಿದೆ. ತುಣುಕು ಓಡಲು ಶುರುವಾದರೆ ಸಾಕು, ಅದೊಂದು ವೀಕ್ಷಣೆ. ಮರುಕ್ಷಣವೇ ಬೆರಳಿನಿಂದ ಮೇಲಕ್ಕೆ ತಳ್ಳಿದವರೂ ಎಣಿಕೆಗೆ ಸೇರುತ್ತಾರೆ. ನಿಂತು ನೋಡಿದವರ ಲೆಕ್ಕ ಬೇಕಿದ್ದರೆ ಯೂಟ್ಯೂಬ್ ಸ್ಟುಡಿಯೊದ Analytics ಒಳಗೆ Advanced mode ತೆರೆದು Engaged views ಎಂಬ ಅಂಕಣವನ್ನು ನೋಡಬೇಕು. ನಮ್ಮ ಉದಾಹರಣೆಯಲ್ಲಿ ಅದು ಹನ್ನೆರಡು ಸಾವಿರ ಎಂದಿಟ್ಟುಕೊಳ್ಳೋಣ.

ಆದರೂ ಹನ್ನೆರಡು ಸಾವಿರವೆಲ್ಲಿ, ಸಾವಿರದ ನಾನೂರೆಲ್ಲಿ! ಹಾಗಾಗಿ ತಲೆಗಳನ್ನು ಬಿಟ್ಟು ಹೊತ್ತನ್ನು ಎಣಿಸೋಣ. ಹನ್ನೆರಡು ಸಾವಿರ ಜನ ತಲಾ 25 ಸೆಕೆಂಡು ನೋಡಿದರೆ ಮೂರು ಲಕ್ಷ ಸೆಕೆಂಡು, ಅಂದರೆ ಸುಮಾರು 83 ಗಂಟೆ. ಪೂರ್ಣ ವಿಡಿಯೊವನ್ನು ಸಾವಿರದ ನಾನೂರು ಬಾರಿ, ಸರಾಸರಿ ಮೂರೂವರೆ ನಿಮಿಷ ನೋಡಿದ್ದಾರೆ. ಸುಮಾರು 82 ಗಂಟೆ. ಇಪ್ಪತ್ತು ಪಟ್ಟು ಎಂದು ಕಂಡದ್ದು ಈಗ ಸರಿಸಮಕ್ಕೆ ಬಂದು ನಿಂತಿತು. ಸ್ಟುಡಿಯೊದಲ್ಲಿ Watch time ಎಂಬ ಅಂಕಣ ಈ ಗುಣಾಕಾರವನ್ನು ಮಾಡಿಯೇ ಕೊಡುತ್ತದೆ.

ಯಾವ ಗುರಿಗೆ ಎಂದು ತೀರ್ಮಾನಿಸಿ

ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಚಾನೆಲ್‌ನಿಂದ ನಿಮಗೇನಾಗಬೇಕು ಎಂಬುದು ಗೊತ್ತಿಲ್ಲದಿದ್ದರೆ ಯಾವ ಅಂಕಿಯೂ ಉತ್ತರ ಹೇಳುವುದಿಲ್ಲ. ನಮ್ಮ ದಂಪತಿಗೆ ಜಾಹೀರಾತಿನ ಹಣದಲ್ಲಿ ಪಾಲು ಬೇಕು ಎಂದಿಟ್ಟುಕೊಳ್ಳಿ. ಅದಕ್ಕೆ ಸಾವಿರ ಚಂದಾದಾರರಿರಬೇಕು. ಜೊತೆಗೆ ಹನ್ನೆರಡು ತಿಂಗಳಲ್ಲಿ ನಾಲ್ಕು ಸಾವಿರ ಗಂಟೆಯ ವೀಕ್ಷಣೆ, ಇಲ್ಲವೇ 90 ದಿನಗಳಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ ಬೇಕು. ಶಾರ್ಟ್ಸ್ ಫೀಡಿನಲ್ಲಿ ನೋಡಿದ ಗಂಟೆಗಳು ಆ ನಾಲ್ಕು ಸಾವಿರಕ್ಕೆ ಸೇರುವುದಿಲ್ಲ. ತುಣುಕಿನ 83 ಗಂಟೆ ಈ ಲೆಕ್ಕದಲ್ಲಿ ಬಹುಪಾಲು ಸೊನ್ನೆಯೇ.

ಹಾಗಾದರೆ ಕೋಟಿಯ ದಾರಿ ಹಿಡಿಯಬಹುದೇ? ಅಲ್ಲಿ ಎಣಿಕೆಗೆ ಬರುವುದು ನಿಂತು ನೋಡಿದ ವೀಕ್ಷಣೆಗಳು ಮಾತ್ರ. ತುಣುಕಿಗೆ ಹನ್ನೆರಡು ಸಾವಿರದಂತೆ ಕೋಟಿ ಮುಟ್ಟಲು 830ಕ್ಕೂ ಹೆಚ್ಚು ತುಣುಕು ಬೇಕು. ಮೂರು ತಿಂಗಳ ಕಾಲ ದಿನಕ್ಕೆ ಒಂಬತ್ತಕ್ಕಿಂತ ಹೆಚ್ಚು. ಯಾವುದಾದರೂ ಒಂದು ತುಣುಕು ಲಕ್ಷಗಟ್ಟಲೆ ಓಡಿದರೆ ಮಾತು ಬೇರೆ, ಆದರೆ ಅದನ್ನು ನಂಬಿ ಯೋಜನೆ ಹಾಕುವುದು ಲಾಟರಿಯನ್ನು ನಂಬಿ ಸಾಲ ಮಾಡಿದಂತೆ. ಪೂರ್ಣ ವಿಡಿಯೊ ತಲಾ 82 ಗಂಟೆ ತಂದರೆ ಸುಮಾರು 49 ವಿಡಿಯೊ ಸಾಕು, ವಾರಕ್ಕೊಂದು.

ದುಡಿಮೆಯ ಗಂಟೆ ಬರೆದಿಡಿ

ಚಿತ್ರೀಕರಣ, ಸಂಕಲನ, ಧ್ವನಿ, ಶೀರ್ಷಿಕೆ ಎಲ್ಲ ಸೇರಿ ಪೂರ್ಣ ವಿಡಿಯೊಗೆ 14 ಗಂಟೆ, ತುಣುಕಿಗೆ 2 ಗಂಟೆ ಹಿಡಿದಿದೆ ಎನ್ನಿ. ತುಣುಕಿನಿಂದ 36 ಚಂದಾದಾರರು, ಪೂರ್ಣ ವಿಡಿಯೊದಿಂದ 28. ದುಡಿದ ಗಂಟೆಗೆ ಹೋಲಿಸಿದರೆ ತುಣುಕು 18, ಪೂರ್ಣ ವಿಡಿಯೊ 2. ತುಣುಕು ಗೆದ್ದಂತೆ ಕಾಣುತ್ತದೆ. ಆದರೆ ಆ ಎರಡು ಗಂಟೆ ಪೂರ್ಣ ವಿಡಿಯೊದ ಬೆನ್ನೇರಿ ಬಂದದ್ದು. ತುಣುಕಿಗೆಂದೇ ತೋಟಕ್ಕೆ ಹೋಗಿ, ಬೆಳಕು ನೋಡಿ, ಬಲೆ ಕಟ್ಟಿ ಚಿತ್ರೀಕರಿಸಿದರೆ ಐದು ಗಂಟೆಯಾದರೂ ಆಗುತ್ತದೆ. ಆಗ ಗಂಟೆಗೆ 7. ಈಗಲೂ ಮುಂದಿದೆ ನಿಜ, ಅಂತರ ಮಾತ್ರ ಕರಗಿದೆ.

ಆ 36 ಮಂದಿ ಎಂಥವರು ಎಂಬುದನ್ನೂ ಪರೀಕ್ಷಿಸಬಹುದು. Advanced mode ಒಳಗೆ ವೀಕ್ಷಣೆಗಳನ್ನು ಚಂದಾದಾರರು, ಉಳಿದವರು ಎಂದು ಬೇರ್ಪಡಿಸಿ ತೋರಿಸುವ ವ್ಯವಸ್ಥೆಯಿದೆ. ತುಣುಕುಗಳಿಂದ ಚಂದಾದಾರರು ಏರುತ್ತ ಹೋದರೂ ಮುಂದಿನ ಪೂರ್ಣ ವಿಡಿಯೊಗಳನ್ನು ನೋಡುವ ಚಂದಾದಾರರ ಸಂಖ್ಯೆ ಇದ್ದಲ್ಲೇ ಇದ್ದರೆ, ಬಂದವರು ನಿಮ್ಮ ವಿವರಣೆಗೆ ಬಂದವರಲ್ಲ.

ಒಂದು ಜೋಡಿ ಸಾಲದು

ಆರರಿಂದ ಎಂಟು ವಿಷಯಗಳಲ್ಲಿ ಇದೇ ಪ್ರಯೋಗ ಮಾಡಿ. ಅಂಕಿಗಳನ್ನು ಏರಿಕೆ ಕ್ರಮದಲ್ಲಿ ಬರೆದು ನಡುವಿನದನ್ನು ಆರಿಸಿಕೊಳ್ಳಿ, ಸರಾಸರಿಯನ್ನಲ್ಲ. ಒಂದೇ ಒಂದು ತುಣುಕು ಐದು ಲಕ್ಷ ಓಡಿದರೂ ಸರಾಸರಿ ಆಕಾಶಕ್ಕೇರಿ ಉಳಿದ ಏಳರ ಸ್ಥಿತಿಯನ್ನು ಮುಚ್ಚಿಬಿಡುತ್ತದೆ. 90ನೇ ದಿನ ಮತ್ತೊಮ್ಮೆ ನೋಡುವುದು ಒಳ್ಳೆಯದು. ತುಣುಕಿನ ಓಟ ಹೆಚ್ಚಾಗಿ ಮೊದಲ ದಿನಗಳಲ್ಲೇ ಮುಗಿಯುತ್ತದೆ. 'ಮಾವಿಗೆ ನೊಣದ ಬಲೆ' ಎಂದು ಹುಡುಕಿ ಬರುವವರು ಮಾತ್ರ ಮುಂದಿನ ಹಂಗಾಮಿಗೂ ಪೂರ್ಣ ವಿಡಿಯೊಗೇ ಬರುತ್ತಾರೆ. Traffic source ಪಟ್ಟಿಯಲ್ಲಿ YouTube search ಪಾಲು ಎಷ್ಟಿದೆ ಎಂಬುದೇ ಇದರ ಗುರುತು.

ಈಗ ಹಂಚಿಕೆ

ಜೋಡಿಗಳನ್ನು ಸಾಲಾಗಿ ಇಟ್ಟು ನೋಡಿದಾಗ ವಿಷಯದ ಗುಣವೇ ಬೇರ್ಪಡುವುದನ್ನು ಕಾಣುತ್ತೀರಿ. ಬಲೆಯನ್ನು ಯಾವ ಕೊಂಬೆಗೆ, ಎಷ್ಟು ನೆರಳಿನಲ್ಲಿ ನೇತುಹಾಕಬೇಕು ಎಂಬುದು ಕಣ್ಣಿಗೆ ತೋರಿಸಿದರೆ ಮುಗಿಯಿತು. ಅದು ತುಣುಕಿನ ಸರಕು. ಮಿಥೈಲ್ ಯುಜಿನಾಲ್ ಎಂಬ ಮೋಹಕ ರಾಸಾಯನಿಕ ಸವರಿದ ಮರದ ತುಂಡಿಗೆ ಗಂಡು ನೊಣಗಳಷ್ಟೇ ಏಕೆ ಬಂದು ಬೀಳುತ್ತವೆ, ಅಷ್ಟರಿಂದ ಹಣ್ಣು ಹೇಗೆ ಉಳಿಯುತ್ತದೆ ಎಂಬುದಕ್ಕೆ ನಿಮಿಷಗಳೇ ಬೇಕು.

ವಾರಕ್ಕೆ 16 ಗಂಟೆ ಬಿಡುವಿರುವ ಈ ದಂಪತಿಗೆ ನನ್ನ ಸಲಹೆ: ಒಂದು ಪೂರ್ಣ ವಿಡಿಯೊ, ಅದರಿಂದಲೇ ಹುಟ್ಟುವ ಒಂದು ತುಣುಕು. ಎಲ್ಲಿ ಕತ್ತರಿಸಬೇಕೆಂದು ಊಹಿಸಬೇಕಾಗಿಲ್ಲ. ನೋಡುಗರು ಎಲ್ಲಿ ಉಳಿದರು, ಎಲ್ಲಿ ಎದ್ದು ಹೋದರು ಎಂದು ತೋರಿಸುವ ರೇಖೆ ಪೂರ್ಣ ವಿಡಿಯೊದ ಪುಟದಲ್ಲೇ ಇರುತ್ತದೆ. ಇಳಿಯುತ್ತ ಬಂದ ರೇಖೆ ಎದ್ದು ನಿಂತ ಜಾಗವೆಂದರೆ ಜನ ಹಿಂದಕ್ಕೆಳೆದು ಮತ್ತೆ ನೋಡಿದ, ಇಲ್ಲವೇ ನೇರವಾಗಿ ಹಾರಿ ಬಂದು ನೋಡಿದ ಜಾಗ. ಅದನ್ನೇ ಕತ್ತರಿಸಿ, ಎರಡನೇ ಸುತ್ತಿನಲ್ಲಿ Related video ಜೋಡಿಸಿ, ಕೊಂಡಿಯ ಮೂಲಕ ಎಷ್ಟು ಮಂದಿ ದಾಟಿ ಬಂದರು ಎಂಬುದನ್ನು Traffic source ಪಟ್ಟಿಯಲ್ಲಿ ನೋಡಿ. ಎಂಟು ತುಣುಕುಗಳಾದ ಮೇಲೂ ಬೆರಳೆಣಿಕೆಯವರೇ ದಾಟಿದ್ದರೆ ತುಣುಕಿನ ಎರಡು ಗಂಟೆಯನ್ನು ಪೂರ್ಣ ವಿಡಿಯೊದ ಮೊದಲ ಅರ್ಧ ನಿಮಿಷ ತಿದ್ದಲು ಬಳಸಿಕೊಳ್ಳಿ.