ಹಳೇ ಕ್ರೆಡಿಟ್ ಕಾರ್ಡ್ ಮುಚ್ಚುವ ಮುನ್ನ ಈ ಭಾಗಾಕಾರ ಮಾಡಿ ನೋಡಿ

ಬಳಸದೆ ಬಿದ್ದಿರುವ ಕಾರ್ಡಿಗೆ ವರ್ಷವರ್ಷ ಫೀಸ್ ಯಾಕೆ ಕಟ್ಟಬೇಕು ಅಂತ ಫೋನ್ ಮಾಡಿ ಮುಚ್ಚಿಸುತ್ತೇವೆ. ಸಾಲ ಇಲ್ಲ, ಬಾಕಿ ಇಲ್ಲ, ಒಂದು ತಲೆನೋವು ಕಳೆಯಿತು ಅನ್ನಿಸುತ್ತದೆ. ಒಂದೆರಡು ತಿಂಗಳು ಬಿಟ್ಟು ನೋಡಿದರೆ ಸಿಬಿಲ್ ಸ್ಕೋರ್ ಇಳಿದಿರುತ್ತದೆ. ಇಳಿಸಿದ್ದು ಆ ಕಾರ್ಡಿನ ಬಾಕಿಯಲ್ಲ, ಅದರ ಲಿಮಿಟ್.

ಕ್ರೆಡಿಟ್ ಯುಟಿಲೈಸೇಶನ್ ಅನ್ನುವುದು ಒಂದು ಸರಳ ಭಾಗಾಕಾರ. ನಿಮ್ಮ ಎಲ್ಲ ಕಾರ್ಡುಗಳ ಬಾಕಿಯನ್ನು ಕೂಡಿ, ಎಲ್ಲ ಕಾರ್ಡುಗಳ ಲಿಮಿಟ್ ಮೊತ್ತದಿಂದ ಭಾಗಿಸಿ, ನೂರರಿಂದ ಗುಣಿಸಬೇಕು. ಬ್ಯಾಂಕ್ ನಿಮ್ಮ ಕೈಗೆ ಕೊಟ್ಟಿರುವ ಸಾಲದಲ್ಲಿ ಎಷ್ಟು ಪಾಲನ್ನು ನೀವು ಬಳಸುತ್ತಿದ್ದೀರಿ ಅನ್ನುವುದು ಇದರಿಂದ ಗೊತ್ತಾಗುತ್ತದೆ. ಶೇ 30ರೊಳಗೆ ಇದ್ದರೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಅದು ರಿಸರ್ವ್ ಬ್ಯಾಂಕಿನ ನಿಯಮವೇನಲ್ಲ, ರೂಢಿಯ ಲೆಕ್ಕ. ಶೇ 31 ಆದ ಕೂಡಲೇ ಸ್ಕೋರ್ ಕುಸಿಯುವುದಿಲ್ಲ, ಆದರೆ ಮೇಲೆ ಹೋದಷ್ಟೂ ಪೆಟ್ಟು ಜಾಸ್ತಿ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನಿಮ್ಮ ಹತ್ತಿರ 2016ರ ಒಂದು ಹಳೇ ಕಾರ್ಡ್ ಇದೆ, ಲಿಮಿಟ್ 1,50,000 ರೂಪಾಯಿ, ಬಳಕೆ ಸೊನ್ನೆ. ಇನ್ನೊಂದು ಬ್ಯಾಂಕಿನ ಹೊಸ ಕಾರ್ಡಿನ ಲಿಮಿಟ್ 1,00,000. ದಿನಸಿ, ಪೆಟ್ರೋಲ್, ಮಕ್ಕಳ ಫೀಸ್ ಎಲ್ಲ ಅದರಲ್ಲೇ ನಡೆದು 45,000 ಬಾಕಿ ನಿಂತಿದೆ. ಈಗ ಲೆಕ್ಕ ಹೀಗೆ:

```
ಮೊದಲು:      45,000 ÷ 2,50,000 × 100 = 18%
ಮುಚ್ಚಿದ ಮೇಲೆ: 45,000 ÷ 1,00,000 × 100 = 45%
```

ನಿಮ್ಮ ಖರ್ಚು ಒಂದು ರೂಪಾಯಿಯೂ ಹೆಚ್ಚಿಲ್ಲ. ಭಾಗಿಸುವ ಸಂಖ್ಯೆ, ಅಂದರೆ ಒಟ್ಟು ಲಿಮಿಟ್, ಸಣ್ಣದಾಯಿತು, ಅಷ್ಟೇ. ಸ್ಕೋರ್ ಲೆಕ್ಕದಲ್ಲಿ ಒಂದೊಂದು ಕಾರ್ಡಿನ ಬಳಕೆಯೂ ಸೇರುತ್ತದೆ. ಹೊಸ ಕಾರ್ಡು ಮೊದಲೂ ಶೇ 45ರಲ್ಲೇ ಇತ್ತು ನಿಜ, ಆದರೆ ಒಟ್ಟು ಲೆಕ್ಕವನ್ನು ಹಳೇ ಕಾರ್ಡು ತಣ್ಣಗೆ ಇಟ್ಟಿತ್ತು.

“ನಾನು ಪ್ರತಿ ತಿಂಗಳು ಪೂರ್ತಿ ಬಿಲ್ ಕಟ್ತೀನಲ್ಲ, ನನಗೇನು?” ಅಂತ ಕೇಳುವವರು ಬಹಳ. ಇಲ್ಲೇ ಎಡವುವುದು. ಬ್ಯಾಂಕುಗಳು ಒಂದು ನಿಗದಿತ ದಿನದಂದು ಇರುವ ಬಾಕಿಯನ್ನು, ಸ್ಕೋರ್ ಲೆಕ್ಕ ಹಾಕುವ ಸಿಬಿಲ್‌ನಂಥ ಕ್ರೆಡಿಟ್ ಬ್ಯೂರೋಗೆ ಕಳಿಸುತ್ತವೆ. 2025ರ ಜನವರಿಯಿಂದ ಕನಿಷ್ಠ ಹದಿನೈದು ದಿನಕ್ಕೊಮ್ಮೆ ಕಳಿಸಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ನೀವು ಡ್ಯೂ ಡೇಟಿನಂದು ಪೂರ್ತಿ ಕಟ್ಟಿದರೂ, ಅದಕ್ಕಿಂತ ಮುಂಚೆಯೇ 45,000 ಅನ್ನುವ ಸಂಖ್ಯೆ ಅಲ್ಲಿಗೆ ಹೋಗಿ ಕೂತಿರಬಹುದು. ಬಡ್ಡಿ ಬೀಳುವುದಿಲ್ಲ, ಆದರೆ ಯುಟಿಲೈಸೇಶನ್ ಲೆಕ್ಕಕ್ಕೆ ಅದೂ ಬಾಕಿಯೇ. ಫ್ರಿಜ್ಜನ್ನು ಕಾರ್ಡಿನ ಇಎಂಐನಲ್ಲಿ ಕೊಂಡಿದ್ದರೆ ಇನ್ನೊಂದು ಗಮನಿಸಿ. ಆ ತಿಂಗಳ ಕಂತು ಮಾತ್ರವಲ್ಲ, ಸಾಮಾನ್ಯವಾಗಿ ಉಳಿದ ಅಸಲು ಪೂರ್ತಿ ಲಿಮಿಟ್ಟನ್ನು ಹಿಡಿದಿಟ್ಟಿರುತ್ತದೆ.

ಹಳೇ ಕಾರ್ಡ್ ಮುಚ್ಚಿದರೆ ಅದರ ಇಷ್ಟು ವರ್ಷದ ಇತಿಹಾಸ ಅಳಿಸಿಹೋಗುತ್ತದೆ ಅನ್ನುವ ಮಾತೂ ಇದೆ. ಅದು ಅರ್ಧ ನಿಜ. ಮುಚ್ಚಿದ ಖಾತೆ ವರ್ಷಗಟ್ಟಲೆ ವರದಿಯಲ್ಲೇ ಇರುತ್ತದೆ. ಆದರೆ ಅದು ಇನ್ನು ಬೆಳೆಯುವುದಿಲ್ಲ, ಪ್ರತಿ ತಿಂಗಳ ಒಳ್ಳೆಯ ದಾಖಲೆ ಸೇರುವುದು ನಿಲ್ಲುತ್ತದೆ. ಈ ಪರಿಣಾಮ ನಿಧಾನದ್ದು. ಲಿಮಿಟ್ ಹೋಗುವ ಪರಿಣಾಮ ಮಾತ್ರ ಮುಂದಿನ ವರದಿಯಲ್ಲೇ ಕಾಣುತ್ತದೆ. ಹಾಗಾಗಿ ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಕಾರ್ಡಿನ ವಯಸ್ಸಲ್ಲ, ಲಿಮಿಟ್.

ಈಗ ಮಾಡಬೇಕಾದ್ದು.

ಮೊದಲು ವರದಿ ತೆಗೆಸಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಈ ನಾಲ್ಕೂ ಬ್ಯೂರೋಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು. ದುಡ್ಡು ಕೇಳುವ ಪ್ಲಾನುಗಳ ಕಡೆ ಹೋಗಬೇಡಿ, ಅವರ ವೆಬ್‌ಸೈಟಿನಲ್ಲೇ ಉಚಿತ ವರದಿಯ ಲಿಂಕ್ ಹುಡುಕಿ. ವರದಿಯಲ್ಲಿ ಒಂದೊಂದು ಕಾರ್ಡಿನ ಎದುರು Credit Limit ಮತ್ತು Current Balance ನೋಡಿ ಬರೆದುಕೊಳ್ಳಿ. ಬ್ಯಾಂಕಿನ ಆ್ಯಪ್ ತೋರಿಸುವ ಲಿಮಿಟ್‌ಗೂ ಇದಕ್ಕೂ ತಾಳೆಯಾಗದಿದ್ದರೆ, ಅಥವಾ ಲಿಮಿಟ್ ಜಾಗ ಖಾಲಿ ಇದ್ದರೆ, ಮೊದಲು ಅದನ್ನು ಸರಿ ಮಾಡಿಸಿ.

ಆಮೇಲೆ ಎರಡು ಸಲ ಭಾಗಿಸಿ. ಹಳೇ ಕಾರ್ಡು ಇದ್ದಾಗ ಎಷ್ಟು, ಇಲ್ಲದಿದ್ದರೆ ಎಷ್ಟು. ಉತ್ತರ 8ರಿಂದ 12ಕ್ಕೆ ಹೋದರೆ ಚಿಂತೆ ಬೇಡ. 18ರಿಂದ 45ಕ್ಕೆ ಹಾರಿದರೆ ನಿಲ್ಲಿ. ಎರಡೂ ಕಾರ್ಡು ಒಂದೇ ಬ್ಯಾಂಕಿನದ್ದಾದರೆ ಲಿಮಿಟ್ ಹಂಚಿಕೊಂಡಿವೆಯಾ ಅಂತ ಕೇಳಿ. ಎರಡಕ್ಕೂ ಸೇರಿ ಒಂದೇ ಲಿಮಿಟ್ ಕೊಟ್ಟಿದ್ದರೆ, ಒಂದನ್ನು ಮುಚ್ಚಿದರೂ ಆ ಲಿಮಿಟ್ ಸಾಮಾನ್ಯವಾಗಿ ಇನ್ನೊಂದರಲ್ಲಿ ಉಳಿಯುತ್ತದೆ.

ಫೀಸೇ ಕಾರಣವಾದರೆ ಬೇರೆ ದಾರಿ ಕೇಳಿ. 500 ರೂಪಾಯಿ ಫೀಸ್ ಜಿಎಸ್‌ಟಿ ಸೇರಿ 590 ಆಗುತ್ತದೆ. ಕಸ್ಟಮರ್ ಕೇರಿಗೆ ಫೋನ್ ಮಾಡಿ “ಫೀಸ್ ಮನ್ನಾ ಮಾಡಿ, ಇಲ್ಲದಿದ್ದರೆ ಲೈಫ್‌ಟೈಮ್ ಫ್ರೀ ಕಾರ್ಡಿಗೆ ಬದಲಿಸಿ” ಅಂತ ಕೇಳಿ. ಮುಚ್ಚುತ್ತೇನೆ ಅಂದಾಗ ಎಷ್ಟೋ ಬ್ಯಾಂಕುಗಳು ಮೆತ್ತಗಾಗುತ್ತವೆ. ಬದಲಿಸುವಾಗ ಅದೇ ಖಾತೆ ಮುಂದುವರಿಯುತ್ತದಾ, ಹಳೆಯದು ಮುಚ್ಚಿ ಹೊಸದು ತೆರೆಯುತ್ತಾರಾ ಅಂತ ಸ್ಪಷ್ಟ ಮಾಡಿಕೊಳ್ಳಿ. ಎರಡನೆಯದಾದರೆ ಉಪಯೋಗ ಕಡಿಮೆ.

ಇಟ್ಟುಕೊಳ್ಳುವುದಾದರೆ ಜೀವಂತವಾಗಿಡಿ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬಳಸದ ಕಾರ್ಡನ್ನು ಮುಚ್ಚುವ ಪ್ರಕ್ರಿಯೆಯನ್ನು ಬ್ಯಾಂಕೇ ಶುರು ಮಾಡುತ್ತದೆ, ರಿಸರ್ವ್ ಬ್ಯಾಂಕಿನ ನಿರ್ದೇಶನ ಹಾಗಿದೆ. ಮೊದಲು ನಿಮಗೆ ತಿಳಿಸುತ್ತಾರೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಚ್ಚುತ್ತಾರೆ. ಆ ಮೆಸೇಜು ಹಳೇ ಮೊಬೈಲ್ ನಂಬರಿಗೆ ಹೋದರೆ ನಿಮಗೆ ಗೊತ್ತೂ ಆಗುವುದಿಲ್ಲ! ಹಾಗಾಗಿ ನಂಬರ್ ಸರಿ ಇದೆಯಾ ನೋಡಿ. ಆಗಾಗ ಒಂದು ಮೊಬೈಲ್ ರೀಚಾರ್ಜನ್ನು ಆ ಕಾರ್ಡಿನಲ್ಲಿ ಮಾಡಿ, ಬಿಲ್ಲಿಗೆ ಉಳಿತಾಯ ಖಾತೆಯಿಂದ ಆಟೋ ಡೆಬಿಟ್ ಹಾಕಿ. ಇನ್ನೂರು ರೂಪಾಯಿ ಬಿಲ್ ಮರೆತು ಲೇಟ್ ಆದರೆ, ಕಾರ್ಡ್ ಮುಚ್ಚಿದ್ದಕ್ಕಿಂತ ದೊಡ್ಡ ಏಟು ಬೀಳುತ್ತದೆ.

ಮುಚ್ಚಲೇಬೇಕಾದರೆ ಸಮಯ ನೋಡಿ. ಫೀಸ್ ದುಬಾರಿ, ಮನ್ನಾ ಮಾಡಲ್ಲ ಅಂತಾರೆ, ಅಥವಾ ಕಾರ್ಡ್ ಕೈಯಲ್ಲಿದ್ದರೆ ಖರ್ಚು ನಿಲ್ಲುವುದಿಲ್ಲ. ಹಾಗಿದ್ದರೆ ಸ್ಕೋರಿಗಾಗಿ ಕಾರ್ಡನ್ನು ಹೊತ್ತುಕೊಂಡಿರುವುದು ಸುಮ್ನೆ. ಆದರೆ ಗೃಹಸಾಲಕ್ಕೋ ಕಾರ್ ಸಾಲಕ್ಕೋ ಅರ್ಜಿ ಹಾಕುವವರಿದ್ದರೆ ಸಾಲದ ಹಣ ಕೈಸೇರುವ ತನಕ ತಡೆಯಿರಿ. ಇಲ್ಲವೇ ಮೊದಲು ಹೊಸ ಕಾರ್ಡಿನ ಲಿಮಿಟ್ ಹೆಚ್ಚಿಸಿಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಅದು 1,80,000 ಆದರೆ, ಹಳೆಯದು ಹೋದರೂ ಲೆಕ್ಕ ಶೇ 25ಕ್ಕೆ ನಿಲ್ಲುತ್ತದೆ. ಲಿಮಿಟ್ ಹೆಚ್ಚಿಸದಿದ್ದರೆ ಬಿಲ್ ಬರುವ ಮುಂಚೆಯೇ, ತಿಂಗಳ ನಡುವೆ 20,000 ಕಟ್ಟಿಬಿಡಿ. ಉಳಿದ 25,000 ಬ್ಯೂರೋಗೆ ಹೋದರೆ ಆಗಲೂ ಶೇ 25. ಯುಟಿಲೈಸೇಶನ್‌ನಿಂದ ಬಿದ್ದ ಸ್ಕೋರ್, ಬಾಕಿ ಇಳಿದಂತೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ತಡವಾದ ಕಂತಿನ ಕಲೆಯಂತೆ ಅದು ವರ್ಷಗಟ್ಟಲೆ ಕಾಡುವುದಿಲ್ಲ.

ಮುಚ್ಚುವ ದಿನ ರಿವಾರ್ಡ್ ಪಾಯಿಂಟ್ ಬಳಸಿಕೊಳ್ಳಿ, ಆ ಕಾರ್ಡಿಗೆ ಕಟ್ಟಿದ ಆಟೋ ಪಾವತಿಗಳನ್ನು ಬೇರೆ ಕಡೆ ಸರಿಸಿ, ಬಾಕಿ ಸೊನ್ನೆ ಮಾಡಿ. ಫೋನಿನಲ್ಲಿ ಹೇಳಿ ಬಿಡಬೇಡಿ, ಇಮೇಲಿನಲ್ಲೂ ಕಳಿಸಿ. ಬಾಕಿ ಇಲ್ಲದಿದ್ದರೆ ಬ್ಯಾಂಕು 7 ಕೆಲಸದ ದಿನದಲ್ಲಿ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ನೋ ಡ್ಯೂ ಪತ್ರ ಕೇಳಿ ಪಡೆಯಿರಿ. ಸುಮಾರು ಎರಡು ತಿಂಗಳ ಮೇಲೆ ಮತ್ತೆ ವರದಿ ನೋಡಿ. ಆ ಕಾರ್ಡಿನ ಎದುರು Date Closed ತುಂಬಿರಬೇಕು, ಬಾಕಿ ಸೊನ್ನೆ ಇರಬೇಕು. ಇನ್ನೂ ತೆರೆದೇ ಇದೆ ಅಥವಾ ಬಾಕಿ ತೋರಿಸುತ್ತಿದೆ ಅಂದರೆ ಬ್ಯೂರೋದ ವೆಬ್‌ಸೈಟಿನಲ್ಲಿ ದೂರು ಹಾಕಿ. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಬರಬೇಕು.