ಚೀಟಿ ಬೇಗ ಎತ್ತಿದ ನಾನು, ಕೊನೆಗೆ ಎತ್ತಿದ ಅತ್ತಿಗೆ: ಇಬ್ಬರ ಲೆಕ್ಕ

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ ಇದೆ. ಆ ಅಂಗಡಿಯ ಅಡ್ವಾನ್ಸ್ ಕಟ್ಟಿದ್ದು, ಓವರ್‌ಲಾಕ್ ಮಷಿನ್ ತಂದಿದ್ದು ಎರಡೂ ಚೀಟಿ ದುಡ್ಡಿನಿಂದ. ಅದೇ ಚೀಟಿಯಲ್ಲಿ ನಮ್ಮ ಅತ್ತಿಗೆಯೂ ಇದ್ದರು. ನಾನು ನಾಲ್ಕನೇ ತಿಂಗಳು ಎತ್ತಿದೆ, ಅವರು ಇಪ್ಪತ್ತನೇ ತಿಂಗಳವರೆಗೆ ಕಾದರು. ಚೀಟಿ ಮುಗಿದ ಮೇಲೆ ಇಬ್ಬರ ಪಾಸ್‌ಬುಕ್ ಪಕ್ಕಪಕ್ಕ ಇಟ್ಟುಕೊಂಡು ಲೆಕ್ಕ ಹಾಕಿದೆ. ಆಗ ಗೊತ್ತಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಚೀಟಿ ಹೀಗಿತ್ತು. 20 ಜನ, 20 ತಿಂಗಳು, ತಿಂಗಳಿಗೆ 5,000 ರೂಪಾಯಿ. ಅಂದರೆ ಒಂದು ಲಕ್ಷದ ಚೀಟಿ. ನಡೆಸುವವರು ರಿಜಿಸ್ಟರ್ ಆದ ಕಂಪನಿ, ಕಮಿಷನ್ ನೂರಕ್ಕೆ 5. ಆ 20ರಲ್ಲಿ ಒಂದು ಪಾಲು ಕಂಪನಿಯದೇ, ಮೊದಲ ತಿಂಗಳ ಪೂರ್ತಿ ಲಕ್ಷ ಅದಕ್ಕೇ. ಎರಡನೇ ತಿಂಗಳಿಂದ ಹರಾಜು. ಯಾರು ಜಾಸ್ತಿ ಬಿಟ್ಟುಕೊಡುತ್ತಾರೋ ಅವರಿಗೆ ಚೀಟಿ. ಬಿಟ್ಟುಕೊಟ್ಟದ್ದರಲ್ಲಿ ಕಮಿಷನ್ 5,000 ಕಳೆದು, ಉಳಿದದ್ದನ್ನು 20 ಜನರಿಗೂ ಹಂಚುತ್ತಾರೆ. ಅದೇ ಡಿವಿಡೆಂಡ್. ಆ ತಿಂಗಳ ಕಂತಿನಲ್ಲೇ ಅದನ್ನು ಕಳೆದು ಕಟ್ಟುತ್ತಿದ್ದೆವು.

ಮೊದಲ ಕೆಲವು ತಿಂಗಳು ನಮ್ಮ ಗುಂಪಿನಲ್ಲಿ ದುಡ್ಡು ಬೇಕಾದವರೇ ಜಾಸ್ತಿ ಇದ್ದರು. ಬಿಟ್ಟುಕೊಡುವುದಕ್ಕೆ 30,000 ಮಿತಿ ಇತ್ತು. ಎಲ್ಲರೂ ನೇರವಾಗಿ ಅಷ್ಟಕ್ಕೇ ಕೂಗುತ್ತಿದ್ದರು. ಮಿತಿಗೆ ಇಬ್ಬರು ಮೂವರು ಕೂಗಿದರೆ ಹೆಸರು ಬರೆದು ಚೀಟಿ ಎತ್ತಿಸುತ್ತಾರೆ. ಎರಡನೇ, ಮೂರನೇ ತಿಂಗಳು ನನ್ನ ಹೆಸರು ಬರಲಿಲ್ಲ. ನಾಲ್ಕನೇ ತಿಂಗಳು ಬಂತು. ಕೈಗೆ ಸಿಗಬೇಕಾದದ್ದು 70,000.

ಆ ದಿನ ನಾನು ಮನಸ್ಸಿನಲ್ಲೇ ಹಾಕಿದ ಲೆಕ್ಕ ಇದು: ಒಂದು ಲಕ್ಷಕ್ಕೆ 30,000 ಹೋಯಿತು, 20 ತಿಂಗಳಿಗೆ ಹಂಚಿದರೆ ತಿಂಗಳಿಗೆ ಒಂದೂವರೆ ರೂಪಾಯಿ ಬಡ್ಡಿ. ಪರವಾಗಿಲ್ಲ ಅಂದುಕೊಂಡೆ. ಚೀಟಿ ಎತ್ತುವ ಸುಮಾರು ಜನ ಹೀಗೇ ಲೆಕ್ಕ ಹಾಕುತ್ತಾರೆ. ಈ ಲೆಕ್ಕ ತಪ್ಪು.

ಯಾಕೆ ಅಂತ ನೋಡಿ. ನಾಲ್ಕನೇ ತಿಂಗಳ ಕಂತೂ ಸೇರಿ ನಾನು ಆಗಲೇ 16,250 ಕಟ್ಟಿದ್ದೆ. ಅಂದರೆ ಸಿಕ್ಕ 70,000ದಲ್ಲಿ 16,250 ನನ್ನದೇ ದುಡ್ಡು. ನಿಜವಾಗಿ ಸಾಲ ಅಂತ ಬಂದದ್ದು 53,750 ಮಾತ್ರ. ಅದಕ್ಕೆ ಮುಂದಿನ 16 ತಿಂಗಳಲ್ಲಿ ನಾನು ಕಟ್ಟಿದ್ದು 70,850. ಅಂದರೆ 17,100 ಜಾಸ್ತಿ. ಅದೂ ಪ್ರತಿ ತಿಂಗಳು ಅಸಲು ಕರಗುತ್ತಾ ಹೋಗುತ್ತದೆ. 53,750 ಪೂರ್ತಿಯಾಗಿ ನನ್ನ ಕೈಯಲ್ಲಿದ್ದದ್ದು ಒಂದೇ ತಿಂಗಳು. ಬಡ್ಡಿಯನ್ನು ಮಾತ್ರ ಲಕ್ಷದ ಮೇಲೆ, ಇಪ್ಪತ್ತು ತಿಂಗಳಿಗೆ ಹಂಚಿ ನೋಡಿದರೆ ಕಡಿಮೆ ಕಾಣದೆ ಇನ್ನೇನು?

ಸರಿಯಾದ ದರ ಬೇಕಾದರೆ ತಿಂಗಳು ತಿಂಗಳ ದುಡ್ಡನ್ನು ಬರೆಯಲೇಬೇಕು. ಮಗಳ ಲ್ಯಾಪ್‌ಟಾಪ್‌ನಲ್ಲಿ ಎಕ್ಸೆಲ್ ತೆಗೆದು, B ಕಾಲಂನಲ್ಲಿ B2ರಿಂದ B21ರವರೆಗೆ 20 ಸಾಲು ತುಂಬಿದೆ. ಕೈಯಿಂದ ಹೋದದ್ದಕ್ಕೆ ಮೈನಸ್, ಬಂದದ್ದಕ್ಕೆ ಪ್ಲಸ್. ನನ್ನದು ಹೀಗೆ ಶುರುವಾಗುತ್ತದೆ: −5000, −3750, −3750, ನಾಲ್ಕನೇ ಸಾಲಿನಲ್ಲಿ 66250 (70,000 ಬಂತು, 3,750 ಕಟ್ಟಿದೆ), ಆಮೇಲೆ −3850, −3900, −4000 ಹೀಗೆ. ತಿಂಗಳು ಕಳೆದಂತೆ ಕೂಗು ಇಳಿಯುತ್ತದೆ, ಡಿವಿಡೆಂಡ್ ಕಡಿಮೆಯಾಗುತ್ತದೆ, ಕಂತು ಏರುತ್ತದೆ. ಕೊನೆಯ ಸಾಲು −5000. ಕೆಳಗೆ ಈ ಸೂತ್ರ:

```
=IRR(B2:B21,0.02)
```

ಕೊನೆಯಲ್ಲಿರುವ 0.02 ಬಿಡಬೇಡಿ. ಮೊದಲು ಕಟ್ಟಿ, ನಡುವೆ ತೆಗೆದುಕೊಂಡು, ಮತ್ತೆ ಕಟ್ಟುವ ಲೆಕ್ಕದಲ್ಲಿ ಈ ಸೂತ್ರಕ್ಕೆ ಒಂದಕ್ಕಿಂತ ಹೆಚ್ಚು ಉತ್ತರ ಇರಬಹುದು. ಎಲ್ಲಿಂದ ಹುಡುಕಬೇಕು ಅಂತ ಹೇಳದಿದ್ದರೆ ಅರ್ಥವಿಲ್ಲದ ಅಂಕಿ ಬರುವ ಸಾಧ್ಯತೆ ಇದೆ.

ನನಗೆ ಬಂದ ಉತ್ತರ ತಿಂಗಳಿಗೆ ಸುಮಾರು 3.5. ಅಂದರೆ ಮೂರೂವರೆ ರೂಪಾಯಿ ಬಡ್ಡಿ, ವರ್ಷಕ್ಕೆ ನೂರಕ್ಕೆ 42. ಒಂದೂವರೆ ಅಂದುಕೊಂಡಿದ್ದೆನಲ್ಲ, ಅದರ ಎರಡು ಪಟ್ಟಿಗಿಂತ ಜಾಸ್ತಿ. ಅಂಕಿ ನೋಡಿ ನಿಜವಾಗಿಯೂ ಬೇಸರವಾಯಿತು. ಬೀರುವಿನಲ್ಲಿ ಬಳೆ ಇದ್ದವು. ಬ್ಯಾಂಕಿನಲ್ಲಿ ಅಡ ಇಟ್ಟಿದ್ದರೆ ತಿಂಗಳಿಗೆ ಒಂದು ರೂಪಾಯಿ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ಬಂಗಾರ ಅಡ ಇಡಬಾರದು ಅನ್ನುವ ಹಟಕ್ಕೆ ಇಷ್ಟು ಕಟ್ಟಿದೆ. ಹಾಗಂತ ಬೇಗ ಎತ್ತುವುದು ಯಾರಿಗೂ ಬೇಡ ಅಂತಲ್ಲ. ನಮ್ಮ ಬೀದಿಯಲ್ಲಿ ಕೈಸಾಲಕ್ಕೆ ಐದು ರೂಪಾಯಿ ಬಡ್ಡಿ ಕಟ್ಟುವವರಿದ್ದಾರೆ. ಬಂಗಾರವೂ ಇಲ್ಲ, ಬ್ಯಾಂಕೂ ಕೊಡುವುದಿಲ್ಲ ಅನ್ನುವವರಿಗೆ ಮೂರೂವರೆ ಎಷ್ಟೋ ಮೇಲು.

ಇನ್ನೊಂದು ಪೆಟ್ಟು ಜಾಮೀನಿನಿಂದ ಬಿತ್ತು. ಚೀಟಿ ಎತ್ತಿದವರು ಮುಂದಿನ ಕಂತುಗಳಿಗೆ ಜಾಮೀನು ಕೊಡಬೇಕು. ನಾನು ಕರೆದುಕೊಂಡು ಹೋದವರ ಸಂಬಳದ ಕಾಗದ ಸಾಲದು ಅಂದರು. ಇನ್ನೊಬ್ಬರನ್ನು ಹುಡುಕಿ, ಕಾಗದ ಕೊಟ್ಟು, ಅವರು ಅದನ್ನು ಒಪ್ಪುವಷ್ಟರಲ್ಲಿ ಒಂದು ತಿಂಗಳು ಕಳೆಯಿತು. ಅಷ್ಟರಲ್ಲಿ ಐದನೇ ಕಂತೂ ಕಟ್ಟಿಯಾಗಿತ್ತು. ಹಾಗಾಗಿ ಎಕ್ಸೆಲ್‌ನಲ್ಲಿ ನಾಲ್ಕನೇ ಸಾಲನ್ನು −3750 ಮಾಡಿ, ಐದನೇ ಸಾಲಿಗೆ 66150 ಹಾಕಿದೆ. ದರ 3.5ರಿಂದ 4.3ಕ್ಕೆ ಹಾರಿತು! ಬಿಟ್ಟುಕೊಟ್ಟದ್ದು ಅದೇ 30,000, ಕಟ್ಟಿದ್ದೂ ಅಷ್ಟೇ. ಒಂದು ತಿಂಗಳು ತಡವಾದದ್ದಕ್ಕೆ ಇಷ್ಟು. ನಿಮಗೆ ಬೇಗ ಎತ್ತುವ ಯೋಚನೆ ಇದ್ದರೆ, ಹರಾಜಿಗೆ ಮುಂಚೆಯೇ ಆಫೀಸಿಗೆ ಹೋಗಿ ಜಾಮೀನುದಾರರ ಕಾಗದ ತೋರಿಸಿ ಒಪ್ಪಿಸಿಕೊಳ್ಳಿ.

ಈಗ ಅತ್ತಿಗೆಯ ಕಥೆ. ಅವರಿಗೆ ಅವಸರ ಇರಲಿಲ್ಲ. ಮಗಳ ಮದುವೆಗೆ ಅಂತ ಕೂಡಿಡುತ್ತಿದ್ದರು. ಇಪ್ಪತ್ತು ತಿಂಗಳಲ್ಲಿ ಅವರಿಗೆ ಬಂದ ಡಿವಿಡೆಂಡ್ ಒಟ್ಟು 12,900. ಕಟ್ಟಿದ್ದು 87,100. ಕೊನೆಯ ತಿಂಗಳು ಪೈಪೋಟಿ ಇರುವುದಿಲ್ಲ, ಕಮಿಷನ್ ಮಾತ್ರ ಕಳೆದು 95,000 ಸಿಕ್ಕಿತು. ಲಾಭ 7,900.

"ಲಕ್ಷದ ಚೀಟಿಗೆ ಇಷ್ಟೇನಾ ಲಾಭ?" ಅಂತ ಅವರಿಗೆ ಸಪ್ಪೆ ಅನ್ನಿಸಿತ್ತು.

"ಇಲ್ಲ ಅತ್ತಿಗೆ, ನೀವು 87,100 ಒಂದೇ ಸಲ ಕೊಟ್ಟಿಲ್ಲ. ಸ್ವಲ್ಪ ಸ್ವಲ್ಪ ಕಟ್ಟಿದ್ದೀರಿ. ಕೊನೆಯ ಕಂತುಗಳು ಒಂದೆರಡು ತಿಂಗಳೂ ಅಲ್ಲಿ ಇರಲಿಲ್ಲ" ಅಂತ ಹೇಳಿ, ಅದೇ ಸೂತ್ರ ಹಾಕಿ ತೋರಿಸಿದೆ. ತಿಂಗಳಿಗೆ 0.94 ಬಂತು, ವರ್ಷಕ್ಕೆ ನೂರಕ್ಕೆ 11ಕ್ಕಿಂತ ಸ್ವಲ್ಪ ಜಾಸ್ತಿ. ಇವೇ ಕಂತುಗಳನ್ನು ನೂರಕ್ಕೆ 7 ಬಡ್ಡಿಯ ಆರ್‌ಡಿಯಲ್ಲಿ ಕಟ್ಟಿದ್ದರೆ ಸುಮಾರು 4,800 ಸಿಗುತ್ತಿತ್ತು. ಅವರು ಕಾದದ್ದಕ್ಕೆ ಬೆಲೆ ಸಿಕ್ಕಿದೆ.

ಆದರೆ ನಾನು ಮೂರೂವರೆಗಿಂತ ಜಾಸ್ತಿ ಕಟ್ಟಿದೆ, ಅವರಿಗೆ ಒಂದೂ ಸಿಗಲಿಲ್ಲ. ನಡುವಿನ ದುಡ್ಡು ಎಲ್ಲಿ ಹೋಯಿತು? ದೊಡ್ಡ ಪಾಲು ಕಮಿಷನ್‌ಗೆ. ತಿಂಗಳಿಗೆ 5,000ದಂತೆ 19 ತಿಂಗಳಿಗೆ 95,000. ಅದರ ಮೇಲೆ ಮೊದಲ ತಿಂಗಳ ಲಕ್ಷ ಕಂಪನಿಗೆ ಬಡ್ಡಿಯಿಲ್ಲದೆ ಸಿಕ್ಕಿತ್ತು. ಕಮಿಷನ್ ಕೆಲಸಕ್ಕೆ ಕೂಲಿ, ಅದು ತಪ್ಪಲ್ಲ. ಆದರೆ ದರವನ್ನು ಕೇಳದೆ ಸೇರಬೇಡಿ. ಚೀಟಿ ಕಾನೂನಿಗೆ 2019ರಲ್ಲಿ ತಿದ್ದುಪಡಿಯಾಗಿ ಕಮಿಷನ್ ಮಿತಿ ನೂರಕ್ಕೆ 5ರಿಂದ 7ಕ್ಕೆ ಏರಿದೆ. ನಮ್ಮ ಚೀಟಿಯಲ್ಲೂ 7 ಇದ್ದಿದ್ದರೆ? ಕೂಗು ಅಷ್ಟೇ ಇದ್ದರೂ ಅತ್ತಿಗೆಗೆ ಪ್ರತಿ ತಿಂಗಳು 100 ರೂಪಾಯಿ ಡಿವಿಡೆಂಡ್ ಕಡಿಮೆ, ಕೊನೆಗೆ ಇನ್ನೂ 2,000 ಕಡಿಮೆ. ಲಾಭ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದು, ಆರ್‌ಡಿಗಿಂತ ಹಿಂದೆ ಬೀಳುತ್ತಿತ್ತು. ಕಮಿಷನ್ ಮೇಲೆ ಜಿಎಸ್‌ಟಿ ಬೇರೆ ಇರುತ್ತದೆ. ನನ್ನ ಅಂಕಿಗಳಲ್ಲಿ ಅದನ್ನು ಸೇರಿಸಿಲ್ಲ.

ಮಧ್ಯದಲ್ಲಿ ಎತ್ತಿದವರ ಬಗ್ಗೆಯೂ ಒಂದು ಮಾತು. ಹನ್ನೆರಡನೇ ತಿಂಗಳು ಒಬ್ಬರು 17,000 ಬಿಟ್ಟು 83,000 ತೆಗೆದುಕೊಂಡರು. ಅಷ್ಟು ಹೊತ್ತಿಗೆ ಅವರೇ 49,150 ಕಟ್ಟಿದ್ದರು. ಸಾಲ ಅಂತ ಸಿಕ್ಕಿದ್ದು 33,850 ಮಾತ್ರ. ಅದಕ್ಕೆ ತಿರುಗಿ ಕಟ್ಟಿದ್ದು 37,950, ಎಂಟೇ ತಿಂಗಳಲ್ಲಿ. ಆ ಸಾಲಕ್ಕೆ ಎರಡೂವರೆ ರೂಪಾಯಿ ಬಡ್ಡಿ ಬಿತ್ತು. ಅವರದೇ 49,150ಕ್ಕೆ ಅಷ್ಟು ದಿನ ಬಡ್ಡಿಯೇ ಬರಲಿಲ್ಲ. ನಡುವೆ ಎತ್ತಿದರೆ ನಷ್ಟ ಕಡಿಮೆ ಅಂತ ಹೇಳುವವರಿದ್ದಾರೆ, ನನಗೆ ಹಾಗೆ ಕಾಣುತ್ತಿಲ್ಲ. ಒಂದೇ ಕಾಲಂನಲ್ಲಿ ಇದನ್ನು ಹಾಕಿದರೆ ಉಳಿತಾಯ, ಸಾಲ ಎರಡೂ ಬೆರೆತು ಬರುವ ದರದಿಂದ ಏನೂ ತಿಳಿಯುವುದಿಲ್ಲ. ಹೀಗೆ ಎರಡು ತುಂಡು ಮಾಡಿಯೇ ನೋಡಬೇಕು.

ಕೊನೆಯವರೆಗೆ ಕಾಯುವವರಿಗೆ ಇರುವ ದೊಡ್ಡ ಭಯ ದುಡ್ಡು ಮುಳುಗುವುದು. ನಾನು ಬೇಗ ಎತ್ತಿದ್ದರಿಂದ ಕಂಪನಿ ಮುಚ್ಚಿದರೂ ನನ್ನ ಕೈಯಲ್ಲಿ ದುಡ್ಡು ಇರುತ್ತಿತ್ತು. ಅತ್ತಿಗೆಯದು ಹಾಗಲ್ಲ. ಹತ್ತೊಂಬತ್ತನೇ ತಿಂಗಳಿಗೆ ಅವರ 82,100 ಹೊರಗಿತ್ತು. ಕಾನೂನಿನ ಪ್ರಕಾರ ಚೀಟಿ ನಡೆಸುವವರು ಒಂದು ಚೀಟಿಯ ಪೂರ್ತಿ ಮೊತ್ತಕ್ಕೆ ಸಮನಾಗಿ ಭದ್ರತೆ ಇಡಬೇಕು. ನಮ್ಮದಕ್ಕೆ ಒಂದು ಲಕ್ಷ. ಆದರೆ ಅದು ಒಬ್ಬರಿಗಲ್ಲ, ಎತ್ತದೆ ಉಳಿದ ಎಲ್ಲರಿಗೂ ಸೇರಿ. ಹತ್ತನೇ ತಿಂಗಳು ಏನಾದರೂ ಆದರೆ ಹತ್ತು ಜನ, ತಲಾ 40,450 ಕಟ್ಟಿದವರು, ಆ ಒಂದು ಲಕ್ಷವನ್ನು ಹಂಚಿಕೊಳ್ಳಬೇಕಾಗುತ್ತಿತ್ತು. ರಿಜಿಸ್ಟರ್ ಆಗದ, ಪರಿಚಯದ ಮೇಲೆ ನಡೆಯುವ ಚೀಟಿಯಲ್ಲಿ ಆ ಲಕ್ಷವೂ ಇಲ್ಲ. 11ರ ಬಡ್ಡಿಗೆ ಅಲ್ಲಿ ಕೊನೆಯವರೆಗೆ ಕಾಯಲು ನಾನಂತೂ ಒಪ್ಪುವುದಿಲ್ಲ.

ಈಗ ಇನ್ನೊಂದು ಚೀಟಿಯಲ್ಲಿ ಇದ್ದೇನೆ. ಅದೇ ಅಳತೆ, ಅದೇ ಕಮಿಷನ್. ಈ ಸಲ ಕೊನೆಯವರೆಗೆ ಕಾಯುವ ಯೋಚನೆ. ಆರ್‌ಡಿಗೆ ಸಮ ಆಗಬೇಕಾದರೆ 20 ತಿಂಗಳ ಸರಾಸರಿ ಡಿವಿಡೆಂಡ್ 500 ರೂಪಾಯಿ ಆದರೂ ಬರಬೇಕು ಅಂತ ಲೆಕ್ಕ ಹಾಕಿಟ್ಟುಕೊಂಡಿದ್ದೇನೆ. ಮೊದಲ ತಿಂಗಳುಗಳಲ್ಲಿ ಸಾವಿರದ ಮೇಲೆ ಬಂದರೆ ಮಾತ್ರ ಆ ಸರಾಸರಿ ನಿಲ್ಲುತ್ತದೆ, ಯಾಕೆಂದರೆ ಆಮೇಲೆ ಇಳಿಯುವುದು ಖಚಿತ. ಈ ಗುಂಪಿನಲ್ಲಿ ಅವಸರದವರು ಕಡಿಮೆ. ಎರಡನೇ ತಿಂಗಳೇ 18,000ಕ್ಕೆ ಚೀಟಿ ಹೋಯಿತು, ಡಿವಿಡೆಂಡ್ 650 ಬಂತು. ಮೂರನೇ ತಿಂಗಳು 16,000ಕ್ಕೆ ಹೋಯಿತು, 550. ಹೀಗೇ ಇಳಿದರೆ ಕೊನೆಗೆ ಕಾಯುವುದಕ್ಕಿಂತ ಈಗಲೇ ಎತ್ತುವುದು ಮೇಲಾಗಬಹುದು. 14,000, 15,000ಕ್ಕೆ ಸಿಕ್ಕಿದರೆ ಬಡ್ಡಿ ಎಷ್ಟು ಬೀಳುತ್ತದೆ ಅಂತ ಮುಂದಿನ ಹರಾಜಿಗೆ ಮುಂಚೆ ಕೂತು ಹಾಕಬೇಕು. ಜಾಮೀನಿನ ಕಾಗದವನ್ನಂತೂ ಈಗಾಗಲೇ ಕೊಟ್ಟು ಬಂದಿದ್ದೇನೆ.