ಎರಡು ಅಕ್ಷರಗಳಿರುವ ಬಹುಪದೋಕ್ತಿಯನ್ನು ಭಾಗಿಸುವುದು ಹೇಗೆ?

ಡೊಂಬಿವಲಿಯಲ್ಲಿ ಸಂಜೆ ನನ್ನ ಬಳಿ ಗಣಿತ ಹೇಳಿಸಿಕೊಳ್ಳಲು ಬರುವ ಮಕ್ಕಳು x ಒಂದೇ ಇರುವ ಬಹುಪದೋಕ್ತಿಗಳನ್ನು ಸಲೀಸಾಗಿ ಭಾಗಿಸುತ್ತಾರೆ. ಮಹಾರಾಷ್ಟ್ರದ ಒಂಬತ್ತನೆಯ ತರಗತಿಯಲ್ಲಿ ಬಹುಪದೋಕ್ತಿಯ ಸಹಗುಣಕಗಳನ್ನು ಮಾತ್ರ ಆವರಣದೊಳಗೆ ಸಾಲಾಗಿ ಬರೆಯುವ ರೂಪವನ್ನೂ ಅವರು ಕಲಿತಿರುತ್ತಾರೆ. ಆದರೆ ಅದೇ ಲೆಕ್ಕದಲ್ಲಿ y ಕಾಣಿಸಿಕೊಂಡ ಕೂಡಲೇ ಕೈ ನಿಂತುಬಿಡುತ್ತದೆ. x³ ಮತ್ತು xy² ಎರಡರಲ್ಲೂ ಒಟ್ಟು ಘಾತ ಮೂರೇ ಆಗಿರುವಾಗ ಯಾವುದನ್ನು ಮೊದಲು ಬರೆಯಬೇಕು ಎಂದು ಕೇಳುತ್ತಾರೆ. ಕೇಳದವರು ತೋಚಿದ ಕ್ರಮದಲ್ಲಿ ಬರೆದು, ಒಂದು ಹೆಜ್ಜೆಯಲ್ಲಿ x ಅನ್ನು, ಮುಂದಿನ ಹೆಜ್ಜೆಯಲ್ಲಿ y ಅನ್ನು ಹಿಡಿದು ಭಾಗಿಸಲು ಹೋಗಿ ಪುಟವೆಲ್ಲ ಗೀಚಿಟ್ಟುಕೊಳ್ಳುತ್ತಾರೆ. ಎರಡು ಅಕ್ಷರಗಳಿಗೂ ಸಮಾನ ಸ್ಥಾನ ಕೊಡುವುದೇ ಈ ತೊಂದರೆಯ ಮೂಲ. ಒಂದನ್ನು ಮುಖ್ಯ ಅಕ್ಷರವೆಂದು ಆರಿಸಿಕೊಂಡು, ಇನ್ನೊಂದನ್ನು 5 ಅಥವಾ 7ರಂತೆ ಬರಿಯ ಸಹಗುಣಕವೆಂದು ಕಂಡರೆ, ಮಕ್ಕಳಿಗೆ ಗೊತ್ತಿರುವ ಹಳೆಯ ಭಾಗಾಕಾರವೇ ಇಲ್ಲೂ ನಡೆಯುತ್ತದೆ.

ಒಂದು ಲೆಕ್ಕವನ್ನು ಪೂರ್ತಿಯಾಗಿ ಮಾಡೋಣ. ಭಾಜ್ಯವು 6xy − 2y² + x³ − 3x − xy² + 2x² + 6y, ಭಾಜಕವು x² + xy + 2y − x ಎಂದಿರಲಿ.

ಮೊದಲು ಮುಖ್ಯ ಅಕ್ಷರವನ್ನು ಆರಿಸಬೇಕು. ಭಾಜಕದಲ್ಲಿ ಯಾವ ಅಕ್ಷರದ ಅತಿ ದೊಡ್ಡ ಘಾತದ ಸಹಗುಣಕವು ಬರಿಯ ಸಂಖ್ಯೆಯಾಗಿರುತ್ತದೆಯೋ ಆ ಅಕ್ಷರವನ್ನೇ ಆರಿಸಿಕೊಳ್ಳಿ. ಹಾಗೆ ಎರಡೂ ಇದ್ದರೆ ಯಾವುದಾದರೂ ಸರಿ. ಇಲ್ಲಿ x²ರ ಸಹಗುಣಕ 1. ಆದರೆ y ಅನ್ನು ಮುಖ್ಯವಾಗಿ ಹಿಡಿದರೆ ಭಾಜಕವು (x + 2)y + (x² − x) ಎಂದಾಗುತ್ತದೆ, ಆಗ ಪ್ರತಿ ಹೆಜ್ಜೆಯಲ್ಲೂ (x + 2)ರಿಂದ ಭಾಗಿಸಬೇಕಾಗುತ್ತದೆ. ಆದ್ದರಿಂದ x ಮುಖ್ಯ ಅಕ್ಷರ. ಈ ಆಯ್ಕೆಯನ್ನು ಲೆಕ್ಕದ ಮೇಲ್ಗಡೆ ಬರೆದಿಡಿ ಮತ್ತು ಕೊನೆಯವರೆಗೆ ಬದಲಿಸಬೇಡಿ.

ಈಗ ಒಂದೇ ಘಾತದ x ಇರುವ ಪದಗಳನ್ನೆಲ್ಲ ಒಟ್ಟುಗೂಡಿಸಿ, x ಅನ್ನು ಹೊರಗೆ ತೆಗೆದು, ಉಳಿದದ್ದನ್ನು ಆವರಣದೊಳಗೆ ಇಡಬೇಕು. ಭಾಜ್ಯವು x³ + 2x² + (−y² + 6y − 3)x + (−2y² + 6y) ಎಂದೂ, ಭಾಜಕವು x² + (y − 1)x + 2y ಎಂದೂ ಆಗುತ್ತದೆ. ಒಟ್ಟುಗೂಡಿಸಿದ ಮೇಲೆ ಪದಗಳನ್ನು ಎಣಿಸುವುದನ್ನು ನಾನು ಕಡ್ಡಾಯ ಮಾಡಿದ್ದೇನೆ: ಕೊಟ್ಟ ಭಾಜ್ಯದಲ್ಲಿ ಏಳು ಪದಗಳಿದ್ದವು, ಆವರಣಗಳೊಳಗಿನವನ್ನೂ ಸೇರಿಸಿ ಇಲ್ಲಿಯೂ ಏಳೇ ಇರಬೇಕು. x ಇಲ್ಲದ ಪದಗಳೇ ಹೆಚ್ಚಾಗಿ ಕೈಬಿಟ್ಟುಹೋಗುತ್ತವೆ. −2y² + 6y ಎಂಬುದರಲ್ಲಿ y ಇದ್ದರೂ, x ಮುಖ್ಯವಾಗಿರುವಾಗ ಅದು ಸ್ಥಿರಪದ. ನಡುವಿನ ಯಾವುದಾದರೂ ಘಾತ ಇಲ್ಲದಿದ್ದರೆ ಅದರ ಜಾಗದಲ್ಲಿ 0 ಬರೆಯಬೇಕು.

ಇಲ್ಲಿಂದ ಮುಂದೆ x ಅನ್ನು ಮತ್ತೆ ಮತ್ತೆ ಬರೆಯುವ ಅಗತ್ಯವಿಲ್ಲ, ಕಂಬಸಾಲಿನ ತಲೆಯ ಮೇಲೆ ಒಮ್ಮೆ ಬರೆದರೆ ಸಾಕು. ಒಂದಂಕದ ಸಂಖ್ಯೆಗಳಿಗೆಂದು ಮಾಡಿದ ಸಣ್ಣ ಚೌಕಗಳ ನೋಟ್‌ಬುಕ್ ಇದಕ್ಕೆ ಪ್ರಯೋಜನವಿಲ್ಲ, ಒಂದು ಚೌಕದಲ್ಲಿ −y² + 6y − 3 ಹಿಡಿಯುವುದಿಲ್ಲ. ಸಾಮಾನ್ಯ ಗೆರೆಯ ಪುಸ್ತಕವನ್ನು ಅಡ್ಡಲಾಗಿ ತಿರುಗಿಸಿದರೆ ಗೆರೆಗಳೇ ಕಂಬಸಾಲುಗಳಾಗುತ್ತವೆ. ಪ್ರತಿ ಘಾತಕ್ಕೆ ನಾಲ್ಕೈದು ಗೆರೆಗಳ ಅಗಲ ಬಿಟ್ಟುಕೊಳ್ಳಿ.

```
x³     x²       x             1
1      2        −y²+6y−3      −2y²+6y
1      y−1      2y
-------------------------------------
       3−y      −y²+4y−3      −2y²+6y
```

ಭಾಜ್ಯದ ಮೊದಲ ಪದ x³, ಭಾಜಕದ ಮೊದಲ ಪದ x², ಭಾಗಿಸಿದರೆ x. ಇದು ಭಾಗಲಬ್ಧದ ಮೊದಲ ಪದ. ಅದರಿಂದ ಭಾಜಕವನ್ನು ಗುಣಿಸಿ ಬಂದದ್ದೇ ಮೇಲಿನ ಎರಡನೆಯ ಸಾಲು.

ಇನ್ನು ಕಳೆಯುವುದು. ಈ ಲೆಕ್ಕ ಕೆಡುವುದು ಬಹುತೇಕ ಇಲ್ಲಿಯೇ, ಆದ್ದರಿಂದ ಇಲ್ಲಿ ಅವಸರ ಮಾಡಬಾರದು. x² ಕಂಬಸಾಲಿನಲ್ಲಿ 2ರಿಂದ (y − 1) ಅನ್ನು ಕಳೆಯಬೇಕು. ಸಂಖ್ಯೆಗಳಷ್ಟೇ ಇದ್ದಾಗ ಕೆಳಗಿನ ಒಂದು ಚಿಹ್ನೆಯನ್ನು ಬದಲಿಸಿದರೆ ಸಾಕಾಗುತ್ತಿತ್ತು. ಈಗ ಒಂದು ಸಹಗುಣಕದೊಳಗೇ ಎರಡು ಪದಗಳಿವೆ, ಎರಡರ ಚಿಹ್ನೆಯೂ ಬದಲಾಗಬೇಕು. ಹಳೆಯ ರೂಢಿಯ ಮಕ್ಕಳು ಮೊದಲ ಪದದ ಚಿಹ್ನೆಯನ್ನು ಮಾತ್ರ ಬದಲಿಸಿ 2 − y − 1 ಎಂದು ಬರೆದು 1 − y ಪಡೆಯುತ್ತಾರೆ. ಸರಿಯಾದದ್ದು 2 − y + 1, ಅಂದರೆ 3 − y. ಕಳೆಯಬೇಕಾದ ಸಾಲಿನಲ್ಲಿ ಒಂದಕ್ಕಿಂತ ಹೆಚ್ಚು ಪದಗಳಿರುವ ಪ್ರತಿ ಸಹಗುಣಕಕ್ಕೂ ಆವರಣ ಹಾಕಿ, ಪಕ್ಕದಲ್ಲಿ 2 − (y − 1) ಎಂದು ಬರೆದು, ಆಮೇಲೆ ಆವರಣವನ್ನು ಬಿಡಿಸಿ. ಚಿಹ್ನೆಗಳನ್ನು ಮನಸ್ಸಿನಲ್ಲೇ ಬದಲಿಸುವುದು, ಅಥವಾ ಬರೆದ ಚಿಹ್ನೆಯ ಮೇಲೆಯೇ ಇನ್ನೊಂದನ್ನು ತಿದ್ದುವುದು, ಎರಡೂ ಬೇಡ. ತಿದ್ದಿದ ಚಿಹ್ನೆಯನ್ನು ಎರಡು ಸಾಲು ಮುಂದೆ ಹೋದ ಮೇಲೆ ಬರೆದವರೇ ಓದಲಾರರು. ನಿಲ್ದಾಣದ ಹೊರಗೆ ಅಗ್ಗಕ್ಕೆ ಸಿಗುವ ಗೈಡುಗಳು ಜಾಗ ಉಳಿಸಲು ಈ ನಡುವಿನ ಸಾಲನ್ನೇ ಬಿಟ್ಟು ಉತ್ತರದ ಸಾಲನ್ನು ಮುದ್ರಿಸುತ್ತವೆ. ಅಂಥದ್ದನ್ನು ನೋಡಿ ಕಲಿಯುವುದಕ್ಕಿಂತ ನೋಡದಿರುವುದೇ ಮೇಲು.

x ಕಂಬಸಾಲಿನಲ್ಲಿ (−y² + 6y − 3) − 2y ಎಂಬುದು −y² + 4y − 3 ಆಗುತ್ತದೆ. ಕೊನೆಯ ಕಂಬಸಾಲು ಹಾಗೆಯೇ ಕೆಳಗಿಳಿಯುತ್ತದೆ.

ಎರಡನೆಯ ಸುತ್ತಿನಲ್ಲಿ ಮೊದಲ ಪದ (3 − y)x². ಅದನ್ನು x²ರಿಂದ ಭಾಗಿಸಿದರೆ 3 − y. ಇಲ್ಲಿ ಬಹಳ ಮಂದಿ ತಡವರಿಸಿ, 3 ಒಂದು ಸುತ್ತು, −y ಇನ್ನೊಂದು ಸುತ್ತು ಎಂದು ಒಡೆಯಲು ಹೊರಡುತ್ತಾರೆ. ಉತ್ತರ ಅದೇ ಬಂದರೂ ಕೆಲಸ ಎರಡರಷ್ಟಾಗುತ್ತದೆ, ಚಿಹ್ನೆ ತಪ್ಪುವ ಅವಕಾಶವೂ ಎರಡರಷ್ಟಾಗುತ್ತದೆ. (3 − y) ಇಡಿಯಾಗಿ ಒಂದೇ ಸಹಗುಣಕ, ಇಡಿಯಾಗಿಯೇ ಭಾಗಲಬ್ಧಕ್ಕೆ ಹೋಗಲಿ. ಅದರಿಂದ ಭಾಜಕವನ್ನು ಗುಣಿಸಿದರೆ x²ರ ಕೆಳಗೆ 3 − y, xನ ಕೆಳಗೆ (3 − y)(y − 1) = −y² + 4y − 3, ಕೊನೆಯದರ ಕೆಳಗೆ (3 − y) × 2y = 6y − 2y². ಮೇಲಿನ ಸಾಲಿನೊಡನೆ ಮೂರೂ ಹೊಂದುತ್ತವೆ, ಶೇಷ 0. ಭಾಗಲಬ್ಧವು x + (3 − y), ಅಂದರೆ x − y + 3.

ಭಾಜಕವು x − 2y ಎಂಬಂತೆ xನಲ್ಲಿ ಒಂದೇ ಘಾತದ್ದಾಗಿದ್ದು, xನ ಸಹಗುಣಕ 1 ಆಗಿದ್ದರೆ, ಶಾಲೆಯಲ್ಲಿ ಕಲಿತ ಸಂಶ್ಲೇಷಕ ಭಾಗಾಕಾರವನ್ನು ಧಾರಾಳವಾಗಿ ಬಳಸಬಹುದು. ಎಡಗಡೆ ಸಂಖ್ಯೆಯ ಬದಲು 2y ಬರೆದರಾಯಿತು. ಮೇಲಿನ ಲೆಕ್ಕದ ಭಾಜಕದಲ್ಲಿ x² ಇರುವುದರಿಂದ ಅಲ್ಲಿ ಆ ಅಡ್ಡದಾರಿ ನಡೆಯುವುದಿಲ್ಲ.

ಉತ್ತರವನ್ನು ಪರೀಕ್ಷಿಸಲು ಅಕ್ಷರಗಳಿಗೆ ಬೆಲೆ ಕೊಡಬೇಕು. 0 ಮತ್ತು 1 ಬೇಡ, ಏಕೆಂದರೆ y = 1 ಎಂದರೆ y ಮತ್ತು y² ಒಂದೇ ಆಗಿ ತಪ್ಪು ಮುಚ್ಚಿಹೋಗುತ್ತದೆ. x = 2, y = 3 ಎನ್ನೋಣ. ಭಾಜ್ಯ 28, ಭಾಜಕ 14, ಭಾಗಲಬ್ಧ 2, ಸರಿಯಾಯಿತು. ಮೇಲೆ ಹೇಳಿದ ತಪ್ಪನ್ನು ಮಾಡಿ 1 − y ಎಂದು ಮುಂದುವರಿಸಿದವರಿಗೆ ಭಾಗಲಬ್ಧ x + 1 − y, ಶೇಷ (2y − 2)x + 4y ಬಂದಿರುತ್ತದೆ. ನೋಡಲು ಅದು ಸಭ್ಯವಾದ ಶೇಷದಂತೆಯೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಬೆಲೆ ಹಾಕಿದರೆ 14 × 0 + 20 = 20, ಬರಬೇಕಾದದ್ದು 28; 8 ಕಡಿಮೆ. y ಅನ್ನು ಬದಲಿಸಿ ನೋಡಿದರೂ ಆ 8 ಹಾಗೆಯೇ ಉಳಿಯುತ್ತದೆ, ಆದ್ದರಿಂದ ಕಳೆದುಹೋದ ಪದದಲ್ಲಿ y ಇಲ್ಲ. x ಅನ್ನು 3 ಮಾಡಿದರೆ ವ್ಯತ್ಯಾಸ 18 ಆಗುತ್ತದೆ. x 2 ಇದ್ದಾಗ 8, 3 ಇದ್ದಾಗ 18 ಎಂದರೆ ಕಳೆದುಹೋದದ್ದು 2x². ಲೆಕ್ಕವನ್ನು ಮೊದಲಿನಿಂದ ಮಾಡುವ ಬದಲು ನೇರವಾಗಿ x² ಕಂಬಸಾಲಿಗೆ ಹೋಗಿ, −1 ಎಂಬುದು +1 ಆಗಬೇಕಿದ್ದ ಜಾಗವನ್ನು ಹುಡುಕಬಹುದು.

ಶೇಷ ಸೊನ್ನೆಯಾಗದಿದ್ದಾಗ ಎಲ್ಲಿ ನಿಲ್ಲಬೇಕು ಎಂಬುದರಲ್ಲೂ ಗೊಂದಲವಿದೆ. ಶೇಷದಲ್ಲಿ xನ ಘಾತ ಭಾಜಕದಲ್ಲಿರುವ xನ ಘಾತಕ್ಕಿಂತ ಕಡಿಮೆಯಾದಾಗ ನಿಲ್ಲಬೇಕು. y ಎಷ್ಟೇ ದೊಡ್ಡ ಘಾತದಲ್ಲಿ ಉಳಿದಿದ್ದರೂ ಅದು ಬರಿಯ ಸಹಗುಣಕ, ಅದನ್ನು ನೋಡಿ ಭಾಗಿಸುತ್ತ ಹೋಗಬಾರದು. x² + y² ಅನ್ನು x − y ಇಂದ ಭಾಗಿಸಿ. x ಮುಖ್ಯವಾದರೆ ಭಾಗಲಬ್ಧ x + y, ಶೇಷ 2y². y ಮುಖ್ಯವಾದರೆ ಭಾಗಲಬ್ಧ −x − y, ಶೇಷ 2x². ಗುಣಿಸಿ ಕೂಡಿದರೆ ಎರಡೂ ಸರಿ. ಶೇಷ ಸೊನ್ನೆಯಾದ ಲೆಕ್ಕದಲ್ಲಿ ಯಾವ ಅಕ್ಷರವನ್ನು ಹಿಡಿದರೂ ಭಾಗಲಬ್ಧ ಒಂದೇ; ಮೊದಲಿನ ಲೆಕ್ಕವನ್ನು y ಹಿಡಿದು ಮಾಡಿದರೂ −y + (x + 3) ಬರುತ್ತದೆ. ಶೇಷ ಉಳಿದಾಗ ಮಾತ್ರ ಉತ್ತರವು ಆಯ್ಕೆಯನ್ನು ಅವಲಂಬಿಸುತ್ತದೆ, ಆದ್ದರಿಂದ ಉತ್ತರದ ಜೊತೆಗೆ ಮುಖ್ಯ ಅಕ್ಷರ ಯಾವುದೆಂದು ಬರೆಯದಿದ್ದರೆ ಆ ಉತ್ತರವನ್ನು ನಾನು ಪೂರ್ಣವೆಂದು ಒಪ್ಪುವುದಿಲ್ಲ.

ಭಾಜಕದ ಮೊದಲ ಸಹಗುಣಕದಲ್ಲಿಯೇ ಇನ್ನೊಂದು ಅಕ್ಷರವಿದ್ದರೆ ಭಾಗಾಕಾರ ನಡುವೆ ನಿಂತುಹೋಗಬಹುದು. x² + y ಅನ್ನು xy + 1 ಇಂದ ಭಾಗಿಸಲು ಹೋದರೆ ಮೊದಲ ಹೆಜ್ಜೆಗೇ x/y ಬರುತ್ತದೆ, ಅದು ಬಹುಪದೋಕ್ತಿಯಲ್ಲ. y ಅನ್ನು ಮುಖ್ಯ ಮಾಡಿದರೆ 1/x ಬರುತ್ತದೆ, ಅಲ್ಲಿಯೂ ದಾರಿಯಿಲ್ಲ. ಆಗ x ಅನ್ನೇ ಮುಖ್ಯವಾಗಿಟ್ಟುಕೊಂಡು, ಭಾಜಕದ ಮೊದಲ ಸಹಗುಣಕವಾದ yಯಿಂದ ಭಾಜ್ಯವನ್ನು ಮೊದಲೇ ಗುಣಿಸಿಕೊಳ್ಳಬೇಕು. ಎಷ್ಟು ಸಲ ಎಂದರೆ, ಭಾಜ್ಯ ಮತ್ತು ಭಾಜಕಗಳಲ್ಲಿ xನ ಘಾತಗಳ ವ್ಯತ್ಯಾಸಕ್ಕೆ ಒಂದು ಕೂಡಿಸಿದಷ್ಟು ಸಲ. ಇಲ್ಲಿ ಘಾತಗಳು 2 ಮತ್ತು 1, ಆದ್ದರಿಂದ ಎರಡು ಸಲ. ಭಾಜ್ಯವು y²x² + y³ ಆಗುತ್ತದೆ; yx + 1 ಇಂದ ಭಾಗಿಸಿದರೆ ಭಾಗಲಬ್ಧ yx − 1, ಶೇಷ y³ + 1. ಈ ಉತ್ತರವು y²(x² + y) ಎಂಬ ಹೊಸ ಭಾಜ್ಯದ್ದು, ಕೊಟ್ಟ ಭಾಜ್ಯದ್ದಲ್ಲ; ಎಡಗಡೆಯ y² ಅನ್ನು ಬಿಡದೆ y²(x² + y) = (xy + 1)(xy − 1) + y³ + 1 ಎಂದೇ ಬರೆಯಬೇಕು.